ಪ್ರೆಡಿಮೆಡ್ ಟ್ರಯಲ್‌ನ ಅಪ್ರೈಸಲ್: ಬಯಾಸ್ ಎಲ್ಲಿ ಹುಡುಕಬೇಕು?

ಪ್ರಶ್ನೆ: ಮಂಡ್ಯದಲ್ಲಿ ಎಂ.ಎಸ್‌ಸಿ. ನರ್ಸಿಂಗ್ ಓದ್ತಿದ್ದೀನಿ. ಒಂದು ಲೇಖನವನ್ನು ಎಷ್ಟು ನಂಬಬಹುದು ಅಂತ ಪರಿಶೀಲಿಸೋ ಅಸೈನ್‌ಮೆಂಟ್‌ಗೆ, ಮೆಡಿಟರೇನಿಯನ್ ಆಹಾರ ಹೃದಯದ ಕಾಯಿಲೆ ತಡೆಯುತ್ತಾ ಅಂತ ನೋಡಿದ ಪ್ರೆಡಿಮೆಡ್ ಟ್ರಯಲ್ ತಗೊಂಡಿದ್ದೀನಿ. ಚೆಕ್‌ಲಿಸ್ಟ್‌ನಲ್ಲಿ ಎಲ್ಲದಕ್ಕೂ ‘ಹೌದು’ ಅಂತಲೇ ಬರ್ತಿದೆ. ಏನು ಬರೆಯಲಿ?

ಮೊದಲು ನಿಮ್ಮ ಕೈಯಲ್ಲಿರುವ ಲೇಖನ ಯಾವ ವರ್ಷದ್ದು ಅಂತ ನೋಡಿ. 2013ರದ್ದಾದರೆ ಅದೊಂದನ್ನೇ ನಂಬಬೇಡಿ. ಲೇಖಕರು 2018ರಲ್ಲಿ ಅದನ್ನು ವಾಪಸ್ ಪಡೆದು, ಲೆಕ್ಕ ಮತ್ತೆ ಮಾಡಿ, ಅದೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಹೊಸದಾಗಿ ಪ್ರಕಟಿಸಿದರು. ಮೈಸೂರಿನಲ್ಲಿ ಪಿಜಿಗಳಿಗೆ ಜರ್ನಲ್ ಕ್ಲಬ್ ನಡೆಸುವಾಗ ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸುತ್ತೇನೆ. ‘ರ್‍ಯಾಂಡಮೈಸ್ ಮಾಡಿದ್ದಾರಾ?’ ಅನ್ನುವ ಪ್ರಶ್ನೆಗೆ ಸುಮ್ನೆ ‘ಹೌದು’ ಅಂತ ಟಿಕ್ ಹಾಕಿದರೆ ಏನು ತಪ್ಪಿಹೋಗುತ್ತೆ ಅನ್ನೋದು ಆಗ ಕಾಣುತ್ತದೆ.

ಸ್ಪೇನ್‌ನಲ್ಲಿ ನಡೆದ ಈ ಟ್ರಯಲ್‌ನಲ್ಲಿ 7,447 ಜನ ಇದ್ದರು. ಎರಡು ಗುಂಪುಗಳಿಗೆ ಮೆಡಿಟರೇನಿಯನ್ ಆಹಾರ, ಜೊತೆಗೆ ಒಂದಕ್ಕೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ನಟ್ಸ್, ಎರಡೂ ಪುಕ್ಕಟೆ. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಅನ್ನುವ ಸಲಹೆ. ಯಾರು ಯಾವ ಗುಂಪಿಗೆ ಅನ್ನೋದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಚೀಟಿ ಎತ್ತಿದ ಹಾಗೆ, ತೀರ್ಮಾನವಾಗಬೇಕಿತ್ತು. 2017ರಲ್ಲಿ ಜಾನ್ ಕಾರ್ಲೈಲ್ ಎಂಬ ಅರಿವಳಿಕೆ ತಜ್ಞರು ಸಾವಿರಾರು ಟ್ರಯಲ್‌ಗಳಲ್ಲಿ ಶುರುವಿನಲ್ಲಿ ಗುಂಪುಗಳು ಹೇಗಿದ್ದವು ಅಂತ ತೋರಿಸುವ ಬೇಸ್‌ಲೈನ್ ಟೇಬಲ್‌ಗಳನ್ನು ಪರೀಕ್ಷಿಸಿದಾಗ, ಇದರ ಅಂಕಿಗಳು ರ್‍ಯಾಂಡಮ್ ಹಂಚಿಕೆಯಿಂದ ಬಂದವುಗಳ ಹಾಗೆ ಕಾಣಲಿಲ್ಲ. ಲೇಖಕರು ಹಳೆಯ ದಾಖಲೆ ತೆಗೆದು ನೋಡಿದಾಗ ಎರಡು ವಿಷಯ ಹೊರಬಂದವು. ಒಂದೇ ಮನೆಯ ಎರಡನೇ ಸದಸ್ಯರನ್ನು ರ್‍ಯಾಂಡಮೈಸ್ ಮಾಡದೆ ಮೊದಲನೆಯವರ ಗುಂಪಿಗೇ ಸೇರಿಸಿದ್ದರು. ಒಂದು ಕೇಂದ್ರದಲ್ಲಂತೂ ವ್ಯಕ್ತಿಗಳ ಬದಲು ಇಡೀ ಕ್ಲಿನಿಕ್‌ಗಳನ್ನೇ ಹಂಚಿದ್ದರು, ಯಾಕಂದ್ರೆ ಪಕ್ಕದ ಮನೆಯವರಿಗೆ ಎಣ್ಣೆ ಸಿಕ್ಕಿದೆ ನಮಗಿಲ್ಲ ಅಂತ ಊರಿನವರು ಗೊಣಗುತ್ತಿದ್ದರು.

ಇದರಿಂದ ಏನಾಗುತ್ತೆ? ಪಾಂಡವಪುರದ ಒಂದು ಪಿಎಚ್‌ಸಿಗೆ ಬಂದವರಿಗೆಲ್ಲ ಎಣ್ಣೆ, ಮದ್ದೂರಿನ ಒಂದು ಪಿಎಚ್‌ಸಿಗೆ ಬಂದವರಿಗೆಲ್ಲ ಬರೀ ಸಲಹೆ ಅಂತ ಇಟ್ಟುಕೊಳ್ಳಿ. ಮುಂದೆ ಬರುವವರು ಯಾವ ಗುಂಪಿಗೆ ಹೋಗ್ತಾರೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವಲ್ಲಿ ಗೊತ್ತಿಲ್ಲದೆಯೂ ಆಯ್ಕೆ ನುಸುಳಬಹುದು. ಅಲೊಕೇಷನ್ ಕನ್ಸೀಲ್‌ಮೆಂಟ್ ಇಲ್ಲ ಅನ್ನೋದು ಇದನ್ನೇ. ಜೊತೆಗೆ ಒಂದೇ ಊರಿನವರ ಊಟ, ಕೆಲಸ, ಡಾಕ್ಟರು ಎಲ್ಲ ಒಂದೇ ಥರ, ಆದ್ದರಿಂದ ನೂರು ಜನರನ್ನು ನೂರು ಸ್ವತಂತ್ರ ಲೆಕ್ಕ ಅಂತ ಹಿಡಿಯಲು ಆಗುವುದಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆಯಿರಿ: ಹಂಚಿಕೆ ಸರಿಯಾಗಿ ಆಗಿಲ್ಲ ಅಂತ ಗೊತ್ತಿದ್ದ ಇಲ್ಲವೇ ಅನುಮಾನ ಇದ್ದ 1,588 ಜನರನ್ನು ಬಿಟ್ಟು ಲೆಕ್ಕ ಹಾಕಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಆದರೂ ಹೊಸ ಲೇಖನದ ತೀರ್ಮಾನದಲ್ಲಿ ‘ಆಹಾರ ಕಾಯಿಲೆ ಕಡಿಮೆ ಮಾಡಿತು’ ಅನ್ನುವ ದನಿ ತಗ್ಗಿ, ‘ಆ ಗುಂಪಿನಲ್ಲಿ ಕಾಯಿಲೆ ಕಡಿಮೆ ಇತ್ತು’ ಅಂತಾಗಿದೆ.

ಬ್ಲೈಂಡಿಂಗ್ ಬಗ್ಗೆ ಎರಡು ಸಾಲು ಸಾಕು. ಎಣ್ಣೆ ತಿನ್ನುವವರಿಗೆ ತಾವು ಯಾವ ಗುಂಪು ಅಂತ ಗೊತ್ತಾಗದೆ ಇರುತ್ತಾ? ಹೃದಯಾಘಾತ, ಪಾರ್ಶ್ವವಾಯು ಹೌದೋ ಅಲ್ಲವೋ ಅಂತ ತೀರ್ಮಾನಿಸಿದ ಸಮಿತಿಗೆ ಮಾತ್ರ ಗುಂಪು ಗೊತ್ತಿರಲಿಲ್ಲ.

ಜಾಸ್ತಿ ಹೊತ್ತು ಕೂರಬೇಕಾದ್ದು ಮಧ್ಯದಲ್ಲಿ ಕೈತಪ್ಪಿದವರ ಲೆಕ್ಕದ ಮೇಲೆ. ಸಲಹೆಯ ಗುಂಪಿನಲ್ಲಿ 11.3% ಜನ ಫಾಲೋಅಪ್‌ಗೆ ಸಿಗಲಿಲ್ಲ, ಉಳಿದ ಎರಡು ಗುಂಪು ಸೇರಿ 4.9%. ಪುಕ್ಕಟೆ ಏನೂ ಸಿಗದವರು, ಮೊದಲ ವರ್ಷಗಳಲ್ಲಿ ವರ್ಷಕ್ಕೊಂದು ಕರಪತ್ರ ಬಿಟ್ಟರೆ ಬೇರೇನೂ ಕಾಣದವರು ಯಾಕೆ ಉಳೀತಾರೆ, ಅಲ್ವಾ? ಈಗ ಫಲಿತಾಂಶ ನೋಡಿ. ಹೃದಯಾಘಾತ, ಪಾರ್ಶ್ವವಾಯು ಆದವರು ಅಥವಾ ಹೃದಯ-ರಕ್ತನಾಳದ ಕಾಯಿಲೆಯಿಂದ ಸತ್ತವರು ಎಣ್ಣೆ ಗುಂಪಿನಲ್ಲಿ 3.8%, ಸಲಹೆ ಗುಂಪಿನಲ್ಲಿ 4.4%. ಭಾಗಿಸಿದರೆ ಸುಮಾರು 14% ಕಡಿಮೆ. ಆದರೆ ಲೇಖನ ಸುಮಾರು 30% ಕಡಿಮೆ ಅನ್ನುತ್ತದೆ. ಇದು ಸುಳ್ಳಲ್ಲ. ಸಲಹೆ ಗುಂಪಿನವರನ್ನು ಗಮನಿಸಿದ ಒಟ್ಟು ಕಾಲ ಕಡಿಮೆ, ಅದಕ್ಕೇ ಕಾಲವನ್ನೂ ಲೆಕ್ಕಕ್ಕೆ ತಗೊಂಡರೆ ಅಂತರ ಹಿಗ್ಗುತ್ತದೆ: ಸಾವಿರ ಜನರಿಗೆ ವರ್ಷಕ್ಕೆ ಸುಮಾರು 8 ಮತ್ತು 11. ಅಂದರೆ ಸಾವಿರಕ್ಕೆ ವರ್ಷಕ್ಕೆ ಮೂರು ಜನರ ವ್ಯತ್ಯಾಸ. ಈ ಅಂಕಿಯನ್ನು 30% ಪಕ್ಕದಲ್ಲೇ ಬರೆಯಿರಿ. ಬಿಟ್ಟುಹೋದವರು ಉಳಿದವರಿಗಿಂತ ಆರೋಗ್ಯವಂತರೋ ಅಲ್ಲವೋ, ಅದರಿಂದ ಫಲಿತಾಂಶ ಯಾವ ಕಡೆ ವಾಲುತ್ತದೆ ಅನ್ನುವುದನ್ನೂ ಚರ್ಚಿಸಿ. ‘ಅಟ್ರಿಷನ್ ಬಯಾಸ್ ಇದೆ’ ಅಂತ ಮಾತ್ರ ಬರೆದು ನಿಲ್ಲಿಸಿದರೆ ಏನೂ ಹೇಳಿದಂತಾಗುವುದಿಲ್ಲ.

ಇನ್ನು ನಮ್ಮ ಕಡೆಗೆ ಅನ್ವಯಿಸುತ್ತಾ ಅನ್ನೋದು. ‘ಭಾರತದ ಆಹಾರ ಬೇರೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ, ನಿಮ್ಮ ವಾರ್ಡಿನ ರೋಗಿಯನ್ನೇ ಎದುರಿಗಿಟ್ಟುಕೊಳ್ಳಿ. ಟ್ರಯಲ್‌ನಲ್ಲಿದ್ದವರು 55ರಿಂದ 80 ವರ್ಷದವರು, ಸಕ್ಕರೆ ಕಾಯಿಲೆಯೋ ಬೇರೆ ಅಪಾಯಗಳೋ ಇದ್ದವರು, ಆದರೆ ಸೇರುವಾಗ ಹೃದಯದ ಕಾಯಿಲೆ ಇರಲಿಲ್ಲ. ಹಾಗಾಗಿ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಬಂದ 45ರ ರೈತರಿಗೆ ಇದನ್ನು ನೇರವಾಗಿ ಹೇಳಲು ಬರುವುದಿಲ್ಲ. ಮನೆಗೆ ವಾರಕ್ಕೆ ಒಂದು ಲೀಟರ್ ಆಲಿವ್ ಎಣ್ಣೆ ಮತ್ತು ಡಯಟಿಷಿಯನ್ ಜೊತೆ ಪದೇಪದೇ ಭೇಟಿ, ಎರಡೂ ಸೇರಿ ಪರೀಕ್ಷೆಗೊಳಗಾದದ್ದು. ಅಷ್ಟು ಎಣ್ಣೆ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ ಅಂತ ಬರೆಯಿರಿ. ಬದಲಿಗೆ ಕಡಲೆಕಾಯಿ ಎಣ್ಣೆ, ಕಡಲೆಬೀಜ ಸಾಕು ಅಂತ ಮಾತ್ರ ಬರೆಯಬೇಡಿ. ಅಲ್ಲಿ ಕೊಟ್ಟ 30 ಗ್ರಾಂ ನಟ್ಸ್‌ನಲ್ಲಿ ಅರ್ಧ ಆಕ್ರೋಟು, ಉಳಿದದ್ದು ಬಾದಾಮಿ ಮತ್ತು ಹೇಜಲ್‌ನಟ್. ಕಡಲೆಬೀಜವನ್ನು ಈ ಟ್ರಯಲ್ ಪರೀಕ್ಷೆ ಮಾಡಿಯೇ ಇಲ್ಲ.