ನೇಮಕಾತಿದಾರರ ಮೂರು ಪ್ರಶ್ನೆಗಳಿಗೆ ಉತ್ತರ: ಒಂದು ಆಪ್ತಸಲಹೆ ಪ್ರಕರಣ

ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತಿದ್ದ ಮಹಿಳೆಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ನೇಮಕಾತಿದಾರರ ಇಮೇಲ್‌ಗೆ ತಾವು ಬರೆದಿಟ್ಟಿದ್ದ ಉತ್ತರವನ್ನು ಕಳುಹಿಸುವ ಮುನ್ನ ನನಗೆ ತೋರಿಸಲು ಬಂದರು. ಈಗಿನ ಸಂಬಳವೆಷ್ಟು, ಕೆಲಸ ಬಿಡುವುದೇಕೆ, ಎಂದಿನಿಂದ ಸೇರಬಲ್ಲಿರಿ ಎಂಬ ಮೂರು ಪ್ರಶ್ನೆಗಳಿದ್ದವು. ಮೊದಲನೆಯದಕ್ಕೆ ಒಂದೇ ದೊಡ್ಡ ಮೊತ್ತವನ್ನೂ ಎರಡನೆಯದಕ್ಕೆ ಮೇಲಧಿಕಾರಿಯ ಬಗ್ಗೆ ಒಂದು ಪುಟವನ್ನೂ ಬರೆದಿದ್ದ ಅವರು, ಮೂರನೆಯದಕ್ಕೆ ‘ತಕ್ಷಣ’ ಎಂಬ ಒಂದು ಪದವನ್ನಷ್ಟೇ ಬರೆದಿದ್ದರು.

ನಾನು ಮೊದಲು ಕೇಳಿದ್ದು ಅವರ ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿಯನ್ನು. ಅವರು ಬರೆದಿದ್ದ ಮೊತ್ತವನ್ನು 100 ಎಂದಿಟ್ಟುಕೊಂಡರೆ ಅದರಲ್ಲಿ ನಿಶ್ಚಿತ ವೇತನ 82 ಮಾತ್ರ. ಉಳಿದ 18 ಗರಿಷ್ಠ ಬೋನಸ್, ಹಿಂದಿನ ವರ್ಷ ಕೈಗೆ ಬಂದದ್ದು 7. ನೇಮಕಾತಿ ಆದೇಶಕ್ಕೆ ಮುಂಚೆ ಸಂಬಳದ ಚೀಟಿ ಕೇಳುವ ಸಂಸ್ಥೆಗಳು ಸಾಕಷ್ಟಿವೆ. ಆಗ ಅಂಕಿ ತಾಳೆಯಾಗದಿದ್ದರೆ ಸಂಬಳ ಕಡಿಮೆ ಇತ್ತೆಂಬುದಕ್ಕಿಂತ ತಪ್ಪು ಹೇಳಿದರೆಂಬುದೇ ಮುಳುವಾಗುತ್ತದೆ. ಆದ್ದರಿಂದ ನಿಶ್ಚಿತ ವೇತನವನ್ನೂ ನಿಜವಾಗಿ ಪಡೆದ ಬೋನಸ್ಸನ್ನೂ ಬೇರೆ ಬೇರೆಯಾಗಿ ಬರೆದು, ಅದರ ಕೆಳಗೆ ನಿರೀಕ್ಷಿತ ವೇತನವನ್ನು ತಿಳಿಸಲು ಹೇಳಿದೆ. ಹಳೆಯ ಸಂಬಳ ಹೇಳಲು ಮನಸ್ಸಿಲ್ಲದವರು ನಿರೀಕ್ಷೆಯನ್ನಷ್ಟೇ ಸೌಜನ್ಯದಿಂದ ತಿಳಿಸಬಹುದು. ಕ್ಯಾಲಿಫೋರ್ನಿಯಾದಂಥ ಕಡೆ 2018ರಿಂದ ಆ ಪ್ರಶ್ನೆ ಕೇಳುವುದೇ ನಿಷಿದ್ಧ.

‘ತಕ್ಷಣ’ ಎಂಬ ಪದ ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅವರ ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ 60 ದಿನ ಎಂದಿತ್ತು. ಕರಾರು ಓದಿದ ನೇಮಕಾತಿದಾರರು ಇದನ್ನು ಸುಳ್ಳೆಂದೋ, ಹೇಳದೆ ಕೇಳದೆ ಕೆಲಸ ಬಿಡುವ ಸ್ವಭಾವವೆಂದೋ ಎಣಿಸಿಯಾರು. ಇನ್ನೊಂದು ತೊಡಕೂ ಇತ್ತು: ಬೋನಸ್ ಕೊಡುವ ದಿನ ಐದು ವಾರ ದೂರವಿತ್ತು, ಆ ದಿನ ನೋಟಿಸ್ ಅವಧಿಯಲ್ಲಿರುವವರಿಗೆ ಬೋನಸ್ ಇಲ್ಲವೆಂಬ ಷರತ್ತೂ ಇತ್ತು. ಹಾಗಾಗಿ ಆ ದಿನದ ನಂತರ ರಾಜೀನಾಮೆ ಕೊಟ್ಟು, ಅಲ್ಲಿಂದ 60 ದಿನ ಎಣಿಸಿ ಬರುವ ತಾರೀಕನ್ನೇ ಬರೆಯಲು ಸೂಚಿಸಿದೆ.

ಮೇಲಧಿಕಾರಿಯ ಕುರಿತ ನೋವು ನಿಜವಾದದ್ದೇ. ಅದನ್ನು ನಾವು ಬೇರೆ ಭೇಟಿಯಲ್ಲಿ ಸಾವಧಾನವಾಗಿ ಮಾತಾಡಿದೆವು, ಆದರೆ ಇಮೇಲ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ. ಸುಳ್ಳಾಡದೆ ಹೇಳಬಹುದಾದ ಕಾರಣವೊಂದು ಅವರ ಮಾತಿನಲ್ಲೇ ಇತ್ತು. ಅದನ್ನೇ ಹಿಡಿದು ಉತ್ತರ ಹೀಗಾಯಿತು: ‘ಸದ್ಯ ನನ್ನ ಕೆಲಸ ಬಿಲ್ ಪಾವತಿಗಷ್ಟೇ ಸೀಮಿತವಾಗಿದೆ. ಲೆಕ್ಕಪರಿಶೋಧನೆಯ ಹೊಣೆಯಿರುವ ಹುದ್ದೆಯನ್ನು ಹುಡುಕುತ್ತಿದ್ದೇನೆ.’ ಸಂದರ್ಶನದಲ್ಲಿ ಮತ್ತೆ ಕೇಳಿದರೂ ಇದನ್ನೇ ಹೇಳಬೇಕೆಂದೆ, ಎರಡು ಕಡೆ ಎರಡು ಕಾರಣ ಬಂದರೆ ಅನುಮಾನ ಹುಟ್ಟುತ್ತದೆ.

ನೇಮಕಾತಿದಾರರು ಮರುದಿನ ಕರೆಮಾಡಿ ಇನ್ನೂ ಬೇಗ ಬರಲಾಗುವುದೇ ಎಂದಷ್ಟೇ ಕೇಳಿದರಂತೆ. ನೋಟಿಸ್ ಅವಧಿಯನ್ನು ಕಡಿಮೆ ಮಾಡಲು ಈಗಿನ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು, ಅದು ಸಿಕ್ಕ ಮೇಲೆಯೇ ಹೊಸ ತಾರೀಕು ಹೇಳಬಲ್ಲೆ ಎಂದು ಅವರು ಉತ್ತರಿಸಿದರು.