ಸಾರಾಂಶಕ್ಕೆ ಕೊಡುವ ಮೊದಲು ಕಾಲ್‌ನ ಟ್ರಾನ್ಸ್‌ಕ್ರಿಪ್ಟ್ ತಿದ್ದುವುದು

ಪ್ರಶ್ನೆ: ಟೀಮ್ ಕಾಲ್ ರೆಕಾರ್ಡ್ ಮಾಡಿ, ಟೆಕ್ಸ್ಟ್‌ಗೆ ಇಳಿಸಿ, ಅದರಿಂದ ಸಾರಾಂಶ ತೆಗೆಸ್ತೀವಿ. ಮಾತಾಡೋದು ಕನ್ನಡ-ಇಂಗ್ಲಿಷ್ ಮಿಕ್ಸ್. ಹೆಸರುಗಳು, ಟೆಕ್ನಿಕಲ್ ಪದಗಳು ಏನೇನೋ ಆಗಿ ಬರ್ತವೆ, ಸಾರಾಂಶವೂ ಹಾಗೇ ಹಾಳಾಗತ್ತೆ. ಪೂರ್ತಿ ಕಾಲ್ ಮತ್ತೆ ಕೇಳೋಷ್ಟು ಟೈಮಿಲ್ಲ. ಹೇಗೆ ಸರಿ ಮಾಡೋದು?

ಉತ್ತರ:

ಪೂರ್ತಿ ಕೇಳುವ ಅಗತ್ಯ ಇಲ್ಲ. ಸಾರಾಂಶ ಕೆಡಿಸುವ ತಪ್ಪುಗಳು ಯಾವುವು ಎಂದು ಗುರುತಿಸಿಕೊಂಡರೆ 40 ನಿಮಿಷದ ಕಾಲ್‌ನಲ್ಲಿ ಕಿವಿಗೊಟ್ಟು ಕೇಳಬೇಕಾದ ಜಾಗ ಹತ್ತೋ ಹನ್ನೆರಡೋ ಇರುತ್ತವೆ, ಅಷ್ಟೇ. ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ:

```
[14:05] ಕಾರಣ ಹೇಳಿದ್ರು ಕ್ರೋಮ್ ಜಾಬ್ ನಿಲ್ಸಿ ಕ್ಯಾಶ್ ಕ್ಲಿಯರ್ ಮಾಡಿ ಅಂತ
[14:11] ಪೋಸ್ಟ್ ಗ್ರಾಸ್‌ನಿಂದ ಡೇಟಾ ಹದಿನೈದಕ್ಕೆ ಎತ್ಬೇಕು
```

ಮಾತಾಡಿದವರು ನಿಜವಾಗಿ ಹೇಳಿದ್ದು: ಕಿರಣ್ ಎನ್ನುವವರು `cron job` ನಿಲ್ಲಿಸಿ `cache` ಖಾಲಿ ಮಾಡಲು ಹೇಳಿದ್ದಾರೆ, `Postgres`ನಿಂದ ಡೇಟಾ ಹದಿನೈದನೇ ತಾರೀಖು ಎತ್ತಬೇಕು. ಮೇಲಿನ ಎರಡು ಸಾಲನ್ನು ಹಾಗೇ ಸಾರಾಂಶಕ್ಕೆ ಕೊಟ್ಟರೆ "ಕ್ರೋಮ್ ಬ್ರೌಸರ್ ಕೆಲಸ ನಿಲ್ಲಿಸಿ, ಹಣದ ಬಾಕಿ ಚುಕ್ತಾ ಮಾಡಲು ತೀರ್ಮಾನ" ಎಂದು ಬಂದರೂ ಆಶ್ಚರ್ಯವಿಲ್ಲ. "ಪೋಸ್ಟ್ ಗ್ರಾಸ್" ಓದಿದವರಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗುತ್ತದೆ. ಆದರೆ ಸಾರಾಂಶದಲ್ಲಿ ಆ ಸುಳಿವು ಅಳಿಸಿ ಹೋಗಿ, ತಪ್ಪು ನೀಟಾದ ವಾಕ್ಯವಾಗಿಬಿಡುತ್ತದೆ. ಅದಕ್ಕೇ ತಿದ್ದುವ ಕೆಲಸ ಸಾರಾಂಶಕ್ಕೆ ಮುಂಚೆಯೇ ಆಗಬೇಕು.

ಮೊದಲು ಪಟ್ಟಿ. ಟ್ರಾನ್ಸ್‌ಕ್ರಿಪ್ಟ್ ತೆರೆಯುವ ಮುಂಚೆಯೇ ಒಂದು ಪಟ್ಟಿ ಮಾಡಿ. ಮೀಟಿಂಗ್ ಆಹ್ವಾನದಲ್ಲಿರುವ ಹೆಸರುಗಳು, ಅಲ್ಲಿಲ್ಲದಿದ್ದರೂ ಮಾತಿನಲ್ಲಿ ಬರಬಹುದಾದ ಸಹೋದ್ಯೋಗಿಗಳು, ಆ ವಾರದ ಟಿಕೆಟ್‌ಗಳಲ್ಲೂ ಚಾಟ್‌ನಲ್ಲೂ ಓಡಾಡಿದ ಪದಗಳು. ಮೂವತ್ತು ನಲವತ್ತು ಪದ ಸಾಕು. ಟೆಕ್ನಿಕಲ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ತಿದ್ದುವಾಗಲೂ ಅದೇ ರೂಪಕ್ಕೆ ತನ್ನಿ. ಕಾರಣ ಮೇಲಿನ ಉದಾಹರಣೆಯಲ್ಲೇ ಇದೆ: `cache` ಮತ್ತು `cash` ಎರಡೂ ಕನ್ನಡದಲ್ಲಿ "ಕ್ಯಾಶ್". ಅಲ್ಲಿ ಯಂತ್ರ ತಪ್ಪು ಕೇಳಿಸಿಕೊಂಡಿಲ್ಲ, ಬರೆದದ್ದೂ ತಪ್ಪಲ್ಲ, ಆದರೂ ಅರ್ಥ ಹೋಯಿತು.

ಪಟ್ಟಿಯನ್ನು ಟ್ರಾನ್ಸ್‌ಕ್ರಿಪ್ಷನ್‌ಗೇ ಕೊಡಿ. ಹೆಚ್ಚಿನ ಟೂಲ್‌ಗಳಲ್ಲಿ ಇದಕ್ಕೊಂದು ಜಾಗ ಇರುತ್ತದೆ. ವಿಸ್ಪರ್ ಬಳಸುವವರಾದರೆ ಹೀಗೆ:

```
whisper call.wav --model large-v3 --language kn \
  --initial_prompt "Kiran, Postgres, cron job, cache, Redis, rollback" \
  --word_timestamps True --output_format json
```

ಇದಕ್ಕೆ ಎರಡು ಮಿತಿಗಳಿವೆ. ಒಂದು, ಈ ಪ್ರಾಂಪ್ಟ್‌ಗೆ ಸಿಗುವ ಜಾಗ ಸುಮಾರು 224 ಟೋಕನ್, ಅಂದರೆ ಮಾಡೆಲ್ ಪಠ್ಯವನ್ನು ಒಡೆದುಕೊಳ್ಳುವ ಸಣ್ಣ ತುಣುಕುಗಳು. ಕನ್ನಡ ಲಿಪಿ ಟೋಕನ್‌ಗಳನ್ನು ಬೇಗ ತಿನ್ನುತ್ತದೆ, ಒಂದೇ ಪದಕ್ಕೆ ಹತ್ತಕ್ಕೂ ಹೆಚ್ಚು ಹೋಗಬಹುದು. ಪಟ್ಟಿ ಉದ್ದವಾದರೆ ತಲೆಭಾಗ ಕತ್ತರಿಸಿ ಹೋಗಿ ಬಾಲ ಮಾತ್ರ ಉಳಿಯುತ್ತದೆ. ಹಾಗಾಗಿ ಮುಖ್ಯ ಪದಗಳನ್ನು ಕೊನೆಗೆ ಇಡಿ. ಎರಡನೆಯದು, ವಿಸ್ಪರ್ ಆಡಿಯೋವನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ಪ್ರಾಂಪ್ಟ್ ನೇರವಾಗಿ ಸಿಗುವುದು ಮೊದಲ ತುಂಡಿಗೆ ಮಾತ್ರ. ಆಮೇಲೆ ಹಿಂದಿನ ಪಠ್ಯವೇ ಪ್ರಾಂಪ್ಟ್ ಆಗುತ್ತಾ ಹೋಗಿ ನಿಮ್ಮ ಪಟ್ಟಿ ಮೆಲ್ಲಗೆ ಹೊರಬೀಳುತ್ತದೆ. ಕಾಲ್‌ನ ಶುರುವಿನಲ್ಲಿ ಹೆಸರು ಸರಿಯಾಗಿ ಬಂದು ಇಪ್ಪತ್ತನೇ ನಿಮಿಷದಲ್ಲಿ ಕೆಡುವುದಕ್ಕೆ ಇದೂ ಒಂದು ಕಾರಣ. ಹೊಸ ಆವೃತ್ತಿಗಳಲ್ಲಿ `--carry_initial_prompt True` ಎಂದು ಹಾಕಿದರೆ ಪ್ರತಿ ತುಂಡಿಗೂ ಪಟ್ಟಿ ಸೇರುತ್ತದೆ. ಅಷ್ಟಾದರೂ ಪಟ್ಟಿ ಒಂದು ಸುಳಿವು ಮಾತ್ರ. ಮಾತಾಡದ ಪದವನ್ನೂ ಅದು ಎಳೆದು ತರಬಹುದು, ಆದ್ದರಿಂದ "ಇದ್ದರೂ ಇರಲಿ" ಎಂದು ನೂರಾರು ಪದ ತುಂಬಬೇಡಿ.

ಅನುಮಾನದ ಜಾಗ ಹುಡುಕುವುದು. ಮೇಲಿನ ಕಮಾಂಡ್ ಕೊಡುವ ಜೆಸನ್ ಫೈಲ್‌ನಲ್ಲಿ ಪ್ರತಿ ಪದಕ್ಕೂ `probability` ಇರುತ್ತದೆ. 0.5ಕ್ಕಿಂತ ಕಡಿಮೆ ಇರುವುದನ್ನು ಸೋಸಿ ನೋಡುವುದು ಒಳ್ಳೆಯ ಆರಂಭ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. "ಕ್ರೋಮ್" ಎಲ್ಲರಿಗೂ ಗೊತ್ತಿರುವ ಪದ, ಯಂತ್ರ ಅದನ್ನು ತುಂಬು ಧೈರ್ಯದಿಂದಲೇ ಬರೆದಿರುತ್ತದೆ. ನನ್ನ ಲೆಕ್ಕದಲ್ಲಿ ನಿಜವಾದ ಅಪಾಯ ವಿಚಿತ್ರವಾಗಿ ಕಾಣುವ ಪದಗಳದ್ದಲ್ಲ, ಸಹಜವಾಗಿ ಕಾಣುವ ತಪ್ಪು ಪದಗಳದ್ದು.

ಅವನ್ನು ಹಿಡಿಯಲು ತಿರುಗುಮುರುಗಾಗಿ ಹುಡುಕಿ. ನಿಮ್ಮ ಪಟ್ಟಿಯ ಪ್ರತಿ ಪದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಕನ್ನಡ ಲಿಪಿಯ ರೂಪವನ್ನೂ ಸೇರಿಸಿ. ಕಾಲ್‌ನ ವಿಷಯವೇ `Redis` ಆಗಿದ್ದು ಅದು ಸೊನ್ನೆ ಸಲ ಬಂದಿದೆ ಎಂದರೆ ಆ ಪದ ಬೇರೆ ವೇಷದಲ್ಲಿ ಎಲ್ಲೋ ಕೂತಿದೆ. "ಮೆಮೊರಿ", "ಕೀ", "ರೀಸ್ಟಾರ್ಟ್" ಇಂಥ ಜೊತೆಗಾರ ಪದಗಳು ಇರುವ ಸಾಲುಗಳನ್ನು ಓದಿ ನೋಡಿ. "ರೆಡಿ ಡೌನ್ ಆಗಿದೆ" ಅಂತ ಒಂದು ಸಾಲು ಸಿಕ್ಕರೆ ಅಲ್ಲೇ ಇದೆ. ಪಟ್ಟಿಯಲ್ಲಿರುವವರಲ್ಲಿ ಯಾರದಾದರೂ ಹೆಸರು ಒಮ್ಮೆಯೂ ಬರದಿದ್ದರೆ ಅವರ ವಿಷಯದಲ್ಲೂ ಹೀಗೇ ಮಾಡಿ.

ಹೆಸರೋ, ಪದವೋ? ನಮ್ಮಲ್ಲಿ ಹೆಸರುಗಳು ಮಾಮೂಲಿ ಪದಗಳಿಗೆ ತೀರಾ ಹತ್ತಿರ. ಚೇತನ್, ಪ್ರಕಾಶ್, ಮಾನಸ, ಎಲ್ಲವೂ ಡಿಕ್ಷನರಿಯಲ್ಲಿ ಸಿಗುವಂಥವೇ. "ಕಾರಣ"ವನ್ನೆಲ್ಲ "ಕಿರಣ್" ಎಂದು ಒಂದೇ ಏಟಿಗೆ ಬದಲಿಸಿದರೆ "ಇದೇ ಕಾರಣಕ್ಕೆ ತಡವಾಯ್ತು" ಅನ್ನುವುದೂ ಕೆಟ್ಟುಹೋಗುತ್ತದೆ.

ಇಲ್ಲಿ ವಿಭಕ್ತಿ ನೆರವಿಗೆ ಬರುತ್ತದೆ. "ಕಾರಣಕ್ಕೆ" ಎಂದು "ಕ್ಕೆ" ಬಂದಿದ್ದರೆ ಅದು ವಸ್ತು, ಮುಟ್ಟಬೇಡಿ. "ಕಾರಣ್‌ಗೆ ಹೇಳಿ", "ಕಾರಣ ಹತ್ರ ಕೇಳಿ", "ಕಾರಣ ಅವರು" ಎಂದಿದ್ದರೆ ಅದು ಮನುಷ್ಯ, ಧೈರ್ಯವಾಗಿ ತಿದ್ದಿ. ಕ್ರಿಯಾಪದವೂ ಸುಳಿವು ಕೊಡುತ್ತದೆ: "ಕಾರಣ ರಜದಲ್ಲಿದ್ದಾರೆ" ಅನ್ನುವುದಕ್ಕೆ ಬೇರೆ ಅರ್ಥವೇ ಇಲ್ಲ. ತೊಡಕಾಗುವುದು ನಮ್ಮ 14:05ರ ಸಾಲಿನಂಥದ್ದು. "ಕಾರಣ ಹೇಳಿದ್ರು" ಎಂದರೆ ಕಿರಣ್ ಹೇಳಿದರು ಎಂದೂ ಆಗಬಹುದು, ಯಾರೋ ಕಾರಣ ತಿಳಿಸಿದರು ಎಂದೂ ಆಗಬಹುದು, ಏಕೆಂದರೆ ಕನ್ನಡದಲ್ಲಿ ಕರ್ತೃವನ್ನು ಬಿಟ್ಟೇ ಮಾತಾಡುತ್ತೇವೆ. ಇಂಥವನ್ನು ಓದಿ ತೀರ್ಮಾನಿಸಬೇಡಿ, ಆ ತುಣುಕು ಕೇಳಿ:

```
ffmpeg -ss 00:14:00 -i call.wav -t 15 clip.wav
```

ಅನುಮಾನದ ಪದಕ್ಕಿಂತ ಐದು ಸೆಕೆಂಡ್ ಹಿಂದಿನಿಂದ ಕೇಳಿದರೆ ಕಿವಿ ಆ ದನಿಗೆ ಹೊಂದಿಕೊಳ್ಳುತ್ತದೆ. ಮಾಮೂಲಿ ಫೋನ್ ಲೈನ್‌ನಲ್ಲಿ ಬಂದವರ ಮಾತಾದರೆ ಸ, ಶ, ಫ ಗಳ ವ್ಯತ್ಯಾಸ ಕೇಳಿಸದೇ ಇರಬಹುದು. ಅಂಥ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ, ಈ ಅಕ್ಷರಗಳ ಗುರುತಿನಲ್ಲಿ ದೊಡ್ಡ ಪಾಲು ಅದಕ್ಕಿಂತ ಮೇಲಿರುತ್ತದೆ. ರೆಕಾರ್ಡಿಂಗ್ ಆದಮೇಲೆ ಸ್ಯಾಂಪಲ್ ರೇಟ್ ಏರಿಸಿದರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ.

ಬದಲಿಸುವಾಗ. "ಪೋಸ್ಟ್ ಗ್ರಾಸ್" ಥರದ, ಬೇರೆ ಅರ್ಥವೇ ಇಲ್ಲದ ತಪ್ಪುಗಳನ್ನು ಒಟ್ಟಿಗೇ ಬದಲಿಸಬಹುದು. ಆದರೆ ಇಂಗ್ಲಿಷ್‌ಗೆ ಬರೆದ ರೆಜೆಕ್ಸ್ ಇಲ್ಲಿ ಕೈಕೊಡುತ್ತದೆ. ಪೈಥಾನ್‌ನ `re` ಕನ್ನಡದ ಗುಣಿತ ಚಿಹ್ನೆಗಳನ್ನೂ ಅರ್ಧಾಕ್ಷರದ ವಿರಾಮ ಚಿಹ್ನೆಯನ್ನೂ ಅಕ್ಷರವೆಂದು ಎಣಿಸುವುದಿಲ್ಲ. ಹಾಗಾಗಿ ಪದದ ಅಂಚು ತೋರಿಸುವ `\b`, ಪದದ ನಡುವೆಯೇ ಸಿಗುತ್ತದೆ, ಸಿಗಬೇಕಾದ ಕೊನೆಯಲ್ಲಿ ಹಲವು ಸಲ ಸಿಗುವುದಿಲ್ಲ. ಜೊತೆಗೆ ಕಣ್ಣಿಗೆ ಕಾಣದ `\u200c` ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ, ನೋಡಲು ಒಂದೇ ಥರ ಇದ್ದರೂ ಹುಡುಕಿದರೆ ಸಿಗುವುದಿಲ್ಲ. ಇದು ಕೆಲಸ ಮಾಡುತ್ತದೆ:

```python
import re
pat = r"(?<![\u0C80-\u0CFF])ಪೋಸ್ಟ್[\s\u200c]*ಗ್ರಾಸ್"
text, n = re.subn(pat, "Postgres", text)
print(n)
```

ಎಡಗಡೆ ಮಾತ್ರ ಬೇಲಿ ಹಾಕಿ ಬಲಗಡೆ ಬಿಟ್ಟದ್ದು ಬೇಕಂತಲೇ. ಹಿಂದೆ "ನಿಂದ", "ಗೆ", "ನಲ್ಲಿ" ಏನೇ ಅಂಟಿದ್ದರೂ ಅದು ಉಳಿದುಕೊಳ್ಳಲಿ ಎಂದು. "ಗ್ರಾಸಿಗೆ" ಎಂದು ಸ್ವರ ಬೆರೆತು ಬಂದಿದ್ದರೆ ಈ ಸಾಲು ಅದನ್ನು ಹಿಡಿಯುವುದಿಲ್ಲ, ಅದಕ್ಕೆ ಬೇರೆ ಸಾಲು ಬರೆಯಿರಿ. `n` ಎಷ್ಟು ಬಂತು ನೋಡಿ: ಆರು ನಿರೀಕ್ಷಿಸಿದ ಕಡೆ ಅರವತ್ತು ಬಂದರೆ ಏನೋ ತಪ್ಪಾಗಿದೆ. ಮೂಲ ಟ್ರಾನ್ಸ್‌ಕ್ರಿಪ್ಟ್‌ನ ಪ್ರತಿಯೊಂದು ಬೇರೆಯೇ ಇರಲಿ.

ಇದನ್ನೇ ಭಾಷಾ ಮಾಡೆಲ್ ಒಂದಕ್ಕೆ ಒಪ್ಪಿಸುವುದಾದರೆ "ತಿದ್ದಿ ಕೊಡು" ಎಂದು ಕೇಳಬೇಡಿ. ಅದು ತಿದ್ದುವ ನೆಪದಲ್ಲಿ ಇಡೀ ವಾಕ್ಯವನ್ನೇ ನಯ ಮಾಡಿ, ಏನು ಬದಲಾಯಿತು ಎಂದು ತಿಳಿಯದ ಹಾಗೆ ಮಾಡಬಹುದು. ಸಮಯ, ಇದ್ದ ಪದ, ಇರಬೇಕಾದ ಪದ, ಹಾಗೆನ್ನಿಸಿದ್ದು ಏಕೆ, ಈ ನಾಲ್ಕು ಕಾಲಂನ ಪಟ್ಟಿ ಕೇಳಿ. ಒಪ್ಪಿಗೆಯಾದದ್ದನ್ನು ಮಾತ್ರ ನೀವೇ ಬದಲಿಸಿ.

ಸಂಖ್ಯೆ ಮತ್ತು ನಿಷೇಧ. ಹೆಸರು, ಪದಗಳ ಗಲಾಟೆಯಲ್ಲಿ ಇವೆರಡು ತಪ್ಪಿಸಿಕೊಳ್ಳುತ್ತವೆ, ಪಟ್ಟಿಯಿಂದಲೂ ಸಿಗುವುದಿಲ್ಲ. ಹದಿನೈದು ಮತ್ತು ಇಪ್ಪತ್ತೈದು, ಫಿಫ್ಟೀನ್ ಮತ್ತು ಫಿಫ್ಟಿ ಸುಲಭವಾಗಿ ಅದಲುಬದಲಾಗುತ್ತವೆ. ಕನ್ನಡದಲ್ಲಿ ಹೌದು-ಅಲ್ಲ ನಿರ್ಧಾರವಾಗುವುದು ವಾಕ್ಯದ ಕೊನೆಯಲ್ಲಿ, ದನಿ ತಗ್ಗುವುದೂ ಅಲ್ಲೇ. "ಮಾಡ್ಬೇಕು" ಹಾಗೂ "ಮಾಡ್ಬಾರ್ದು", "ಆಗತ್ತೆ" ಹಾಗೂ "ಆಗಲ್ಲ" ಇವುಗಳ ನಡುವೆ ಇರುವುದು ಆ ಕೊನೆಯ ಒಂದೆರಡು ಅಕ್ಷರ. ಆದ್ದರಿಂದ ತೀರ್ಮಾನ, ತಾರೀಖು, ಮೊತ್ತ ಇರುವ ಸಾಲುಗಳನ್ನು ಅನುಮಾನ ಬರದಿದ್ದರೂ ಕೇಳಿಯೇ ಒಪ್ಪಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ 14:11ರ "ಹದಿನೈದಕ್ಕೆ" ಸರಿಯಾಗಿಯೇ ಇದೆ, ಆದರೆ ಅದು ಗೊತ್ತಾಗುವುದು ಕೇಳಿದ ಮೇಲೆ.

ಕೇಳಿದರೂ ಬಗೆಹರಿಯದ್ದನ್ನು ಊಹಿಸಿ ತುಂಬದೆ ಗುರುತು ಹಾಕಿ ಬಿಡಿ:

```
[14:05] [ಅಸ್ಪಷ್ಟ: ಕಿರಣ್?] ಹೇಳಿದ್ರು cron job ನಿಲ್ಸಿ cache ಕ್ಲಿಯರ್ ಮಾಡಿ ಅಂತ
[14:11] Postgres‌ನಿಂದ ಡೇಟಾ ಹದಿನೈದಕ್ಕೆ ಎತ್ಬೇಕು
```

ಸಾರಾಂಶಕ್ಕೆ ಕೊಡುವಾಗ ಪಟ್ಟಿಯನ್ನೂ ಜೊತೆಗೆ ಕೊಡಿ. "ಅಸ್ಪಷ್ಟ" ಎಂದಿರುವುದನ್ನು ಹಾಗೇ ಉಳಿಸಬೇಕು, ಪ್ರತಿ ತೀರ್ಮಾನದ ಮುಂದೆ ಸಮಯ ಹಾಕಬೇಕು ಎಂದು ಹೇಳಿ. ಬಂದ ಸಾರಾಂಶದಲ್ಲಿ ನಿಮ್ಮ ಪಟ್ಟಿಯಲ್ಲಿಲ್ಲದ ಹೆಸರು ಕಂಡರೆ, ಅಥವಾ ಒಬ್ಬರೇ ಎರಡು ಸ್ಪೆಲ್ಲಿಂಗ್‌ನಲ್ಲಿ ಇಬ್ಬರಾಗಿ ಕೆಲಸ ಹಂಚಿಕೊಂಡಿದ್ದರೆ, ಸಾರಾಂಶವನ್ನು ತಿದ್ದಬೇಡಿ. ಆ ಸಮಯಕ್ಕೆ ವಾಪಸ್ ಹೋಗಿ ಟ್ರಾನ್ಸ್‌ಕ್ರಿಪ್ಟ್ ತಿದ್ದಿ, ಸಾರಾಂಶ ಮತ್ತೆ ತೆಗೆಸಿ.