ಎ-ಬಿ ಅಕ್ಷಕ್ಕೆ ಟೋಟಲ್ ರನೌಟ್ 0.05: ಡಯಲ್ ಮುಳ್ಳು ಎಷ್ಟು ಓಡಬಹುದು?

ಪ್ರಶ್ನೆ: ಶಾಫ್ಟ್‌ನ ಎರಡು ಬೇರಿಂಗ್ ಜರ್ನಲ್‌ಗಳಿಗೆ ಎ, ಬಿ ಅಂತ ಡೇಟಮ್ ಕೊಟ್ಟಿದ್ದಾರೆ. ನಡುವಿನ 60 ಮಿ.ಮೀ. ವ್ಯಾಸಕ್ಕೆ ಟೋಟಲ್ ರನೌಟ್ 0.05, ಎ-ಬಿ. ಜರ್ನಲ್ ಸೈಜಿಗೂ ಟಾಲರೆನ್ಸ್ ಇದೆಯಲ್ಲ, ಅದನ್ನೂ ಕೂಡಿಸಿ ಡಯಲ್ ಎಷ್ಟು ತೋರಿಸಿದರೆ ಪಾಸ್? ನಮ್ಮ ಸೂಪರ್‌ವೈಸರ್ 0.10 ಅಂತಾರೆ.

0.05 ಮಾತ್ರ. ಏನನ್ನೂ ಕೂಡಿಸುವ ಹಾಗಿಲ್ಲ. ಡಯಲನ್ನು ಒಂದೇ ಸಲ ಸೊನ್ನೆ ಮಾಡಿ, ಶಾಫ್ಟ್ ತಿರುಗಿಸುತ್ತಾ ಪೂರ್ತಿ ಉದ್ದ ಜಾರಿಸಿದಾಗ ಮುಳ್ಳು ಮುಟ್ಟಿದ ಅತಿ ಹೆಚ್ಚಿನ ಅಂಕಿಯಿಂದ ಅತಿ ಕಡಿಮೆಯದನ್ನು ಕಳೆಯಿರಿ. ಆ ವ್ಯತ್ಯಾಸ 0.05 ದಾಟಬಾರದು. ನಿಮ್ಮ ಸೂಪರ್‌ವೈಸರ್ ಬಹುಶಃ ಪ್ಲಸ್ 0.05, ಮೈನಸ್ 0.05 ಅಂತ ಓದಿದ್ದಾರೆ. ರನೌಟ್‌ನಲ್ಲಿ ಪ್ಲಸ್ ಮೈನಸ್ ಇಲ್ಲ, ಮುಳ್ಳು ಒಟ್ಟು ಎಷ್ಟು ಓಡಿತು ಅನ್ನುವುದಷ್ಟೇ ಲೆಕ್ಕ. ಜರ್ನಲ್ ಸಣ್ಣದಾಯಿತು ಅಂತ ರನೌಟ್‌ಗೆ ಬೋನಸ್ಸೂ ಸಿಗಲ್ಲ. ಜರ್ನಲ್ ಯಾವ ಸೈಜಿಗೆ ಬಂದಿದ್ದರೂ ಅದರ ಅಕ್ಷವನ್ನೇ ಹಿಡಿಯಬೇಕು.

ಈ 0.05ರೊಳಗೆ ಏನೇನು ಕೂತಿದೆ ಅನ್ನುವುದು ಗೊತ್ತಿದ್ದರೆ ಮಷೀನಿನಲ್ಲಿ ಎಲ್ಲಿ ಎಷ್ಟು ಬಿಡಬಹುದು ಅಂತ ಮೊದಲೇ ಲೆಕ್ಕ ಹಾಕಬಹುದು. ನಡುವಿನ ಭಾಗದ ಕೇಂದ್ರ ಎ-ಬಿ ಅಕ್ಷದಿಂದ ಸರಿದಿದ್ದರೆ, ಸರಿದದ್ದರ ಎರಡರಷ್ಟು ಡಯಲ್‌ನಲ್ಲಿ ಕಾಣುತ್ತದೆ. ಟೇಪರ್ ಇದ್ದರೆ ವ್ಯಾಸದ ವ್ಯತ್ಯಾಸದ ಅರ್ಧ ಕಾಣುತ್ತದೆ. ಉಳಿದದ್ದು ದುಂಡುತನದ ತಪ್ಪು, ಟೂಲ್ ಅದುರಿದ ಅಲೆ ಇತ್ಯಾದಿ. ಕೇಂದ್ರ 0.015 ಸರಿದಿದೆ, ಟೇಪರ್ ವ್ಯಾಸದಲ್ಲಿ 0.02 ಇದೆ ಅನ್ನಿ. ಎರಡೂ ಒಟ್ಟಿಗೆ ಕೂಡಿದರೆ:

2 × 0.015 + 0.02 ÷ 2 = 0.04

ಇನ್ನು 0.01 ಮಾತ್ರ ಉಳಿಯಿತು, ದುಂಡುತನಕ್ಕೆ. ಬರೀ ವೃತ್ತೀಯ ರನೌಟ್ ಕೇಳಿದ್ದರೆ ಪ್ರತಿ ಜಾಗದಲ್ಲೂ ಡಯಲನ್ನು ಮತ್ತೆ ಸೊನ್ನೆ ಮಾಡಬಹುದಿತ್ತು, ಆಗ ಟೇಪರ್ ಕಾಣುತ್ತಲೇ ಇರಲಿಲ್ಲ. ಟೋಟಲ್‌ನಲ್ಲಿ ಮಧ್ಯೆ ಸೊನ್ನೆ ಮಾಡಿದಿರೋ, ಅಳತೆ ಕೆಟ್ಟಿತು.

ನನ್ನ ಕೈ ಸುಟ್ಟದ್ದು ಬೇರೆ ಕಡೆ. ಕುಶಾಲನಗರದ ಹತ್ತಿರ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನವರಿಗೆ ಸಿಪ್ಪೆ ಸುಲಿಯುವ ಮಷೀನಿನ ಶಾಫ್ಟ್ ಮಾಡಿಕೊಟ್ಟಿದ್ದೆ, ಡ್ರಾಯಿಂಗ್ ಹೆಚ್ಚುಕಡಿಮೆ ನಿಮ್ಮದೇ. ಕೊಯ್ಲು ಶುರುವಾಗಿತ್ತು, ಅವರಿಗೆ ಅರ್ಜೆಂಟು. ನಾನು ಬೆಂಚ್ ಸೆಂಟರ್ ಮೇಲಿಟ್ಟು ನೋಡಿದೆ. ಯಾವ ಜಾಗದಲ್ಲಿ ತಿರುಗಿಸಿದರೂ 0.03, ಪೂರ್ತಿ ಉದ್ದಕ್ಕೆ 0.04. ಖುಷಿಯಿಂದ ಕಳಿಸಿದೆ. ಮೂರನೇ ದಿನ ಶಾಫ್ಟ್ ವಾಪಸ್ ಬಂತು, ಚೀಟಿಯಲ್ಲಿ 0.06 ಅಂತ ಬರೆದಿತ್ತು.

ಸಿಟ್ಟು ಬಂದದ್ದು ನಿಜ, ಆದರೆ ಅವರು ಹೇಳಿದ್ದೇ ಸರಿ. ಜರ್ನಲ್ ಒಂದು ಸೆಟಪ್‌ನಲ್ಲಿ, ನಡುವಿನ ಭಾಗ ಇನ್ನೊಂದರಲ್ಲಿ ಆಗಿತ್ತು, ಆ ಮಧ್ಯೆ ಸೆಂಟರ್ ತೂತುಗಳ ಬಾಯಿಗೆ ಪೆಟ್ಟು ಬಿದ್ದಿತ್ತು. ಅದೇ ಸೆಂಟರ್ ಮೇಲೆ ಈ ಸಲ ಜರ್ನಲ್‌ಗಳಿಗೂ ಡಯಲ್ ಹಚ್ಚಿದೆ. ಎರಡೂ 0.02 ಓಡುತ್ತಿದ್ದವು. ಅಷ್ಟೇ ಆಗಿದ್ದರೆ ಸರಿ, ಆದರೆ ನಡುವಿನ ಭಾಗದ ಉಬ್ಬು ಯಾವ ಕಡೆ ಇತ್ತೋ ಅದರ ಎದುರು ಕಡೆ ಜರ್ನಲ್‌ನ ಉಬ್ಬು! ಅಂದರೆ ಸೆಂಟರ್‌ನಿಂದ ನಡುಭಾಗ ಈಚೆಗೆ 0.015, ಜರ್ನಲ್ ಆಚೆಗೆ 0.010. ಎ-ಬಿ ಅಕ್ಷದಿಂದ ನೋಡಿದರೆ ಸರಿತ 0.025, ಡಯಲ್‌ನಲ್ಲಿ 0.05. ಟೇಪರ್‌ನ 0.01 ಸೇರಿ 0.06. ಎರಡೂ ಉಬ್ಬು ಒಂದೇ ಕಡೆ ಬಂದಿದ್ದರೆ ಸರಿತ 0.005 ಮಾತ್ರ, ಟೇಪರ್ ಸೇರಿದರೂ 0.02ರಲ್ಲಿ ಪಾಸ್ ಆಗುತ್ತಿತ್ತು. ಸೆಂಟರ್ ಮೇಲೆ ಅದೇ 0.04 ತೋರಿಸುತ್ತಾ! ಹಾಗಾಗಿ ಸೆಂಟರ್ ತೂತು ಡೇಟಮ್ ಅಲ್ಲದ ಶಾಫ್ಟನ್ನು ಸೆಂಟರ್ ಮೇಲೆ ನೋಡುವುದಾದರೆ ಜರ್ನಲ್ ಎಷ್ಟು, ಯಾವ ಕಡೆ ಓಡುತ್ತದೆ ಅಂತ ಚಾಕ್‌ನಲ್ಲಿ ಗುರುತು ಹಾಕಿಕೊಳ್ಳಲೇಬೇಕು.

ಈಗ ನಾನು ಜರ್ನಲ್‌ಗಳನ್ನೇ ಎರಡು ವೀ ಬ್ಲಾಕ್ ಮೇಲೆ ಕೂರಿಸುತ್ತೇನೆ. ನೀವು ಕೇಳಿದ ಜರ್ನಲ್ ಸೈಜಿನ ಟಾಲರೆನ್ಸ್ ಕಾಟ ಕೊಡುವುದು ಇಲ್ಲಿ. ಅದು ಮಿತಿಯನ್ನು ಹಿಗ್ಗಿಸುವುದಿಲ್ಲ, ಅಳತೆಯನ್ನು ಕೆಡಿಸುತ್ತದೆ. ಜರ್ನಲ್ 40 ಕೆ6 ಅಂದರೆ 40.002ರಿಂದ 40.018ರವರೆಗೆ ಎಲ್ಲಿ ಬಂದರೂ ಸರಿ. ಎ 40.016, ಬಿ 40.004 ಬಂದಿದೆ ಅನ್ನಿ. ಎರಡೂ ಒಳ್ಳೆಯ ಜರ್ನಲ್. ಆದರೆ ತ್ರಿಜ್ಯದಲ್ಲಿ 6 ಮೈಕ್ರಾನ್ ವ್ಯತ್ಯಾಸ, 90 ಡಿಗ್ರಿ ವೀ ಅದನ್ನು 1.414 ಪಟ್ಟು ಮಾಡುತ್ತದೆ. ಹಾಗಾಗಿ ಎ ಕಡೆ ಅಕ್ಷ ಸುಮಾರು 8.5 ಮೈಕ್ರಾನ್ ಮೇಲೆ ಕೂರುತ್ತದೆ. ಜರ್ನಲ್‌ಗಳ ಮಧ್ಯೆ 400 ಮಿ.ಮೀ., ನೀವು ಡಯಲ್ ಜಾರಿಸುವುದು 300 ಮಿ.ಮೀ. ಅಂದರೆ ಸರ್ಫೇಸ್ ಪ್ಲೇಟ್ ಮೇಲೆ ಸ್ಟ್ಯಾಂಡ್ ಜಾರಿಸಿದಾಗ 6.4 ಮೈಕ್ರಾನ್ ಇಳಿಜಾರು ಕಾಣುತ್ತದೆ. ಶಾಫ್ಟ್‌ನಲ್ಲಿ ಇಲ್ಲದ ಟೇಪರ್! ನಿಜವಾದ ಟೇಪರ್ ಅದೇ ದಿಕ್ಕಿಗಿದ್ದರೆ ಒಳ್ಳೆಯ ಶಾಫ್ಟ್ ರಿಜೆಕ್ಟ್ ಆಗುತ್ತದೆ. ಎದುರು ದಿಕ್ಕಿಗಿದ್ದರೆ 0.054 ಇರುವ ಶಾಫ್ಟ್ 0.048 ತೋರಿಸಿ ನಿಮ್ಮ ಕೈ ದಾಟಿ ಹೋಗುತ್ತದೆ.

ಇದನ್ನು ಹಿಡಿಯುವುದು ಸುಲಭ. ಮೈಕ್ರೋಮೀಟರ್‌ನಲ್ಲಿ ಎರಡೂ ಜರ್ನಲ್ ಅಳೆದಿಟ್ಟುಕೊಳ್ಳಿ. ಅಕ್ಷ ಸಮತಟ್ಟಾಗಿದ್ದರೆ ಎ ಜರ್ನಲ್‌ನ ನೆತ್ತಿ ಬಿ ನೆತ್ತಿಗಿಂತ ತ್ರಿಜ್ಯದ ವ್ಯತ್ಯಾಸದಷ್ಟು, ಅಂದರೆ 6 ಮೈಕ್ರಾನ್, ಮೇಲಿರಬೇಕು. ಸೀದಾ ವೀ ಬ್ಲಾಕ್ ಮೇಲಿಟ್ಟಾಗ 14.5 ತೋರಿಸುತ್ತದೆ. ಬಿ ಕಡೆ ಬ್ಲಾಕ್ ಕೆಳಗೆ 0.01 ಶಿಮ್ ಕೊಟ್ಟರೆ 4.5ಕ್ಕೆ ಬರುತ್ತದೆ. ಒಂದೂವರೆ ಮೈಕ್ರಾನ್ ತಪ್ಪು ಉಳಿಯಿತು, ಅದು ಈ ಕೆಲಸಕ್ಕೆ ಪರವಾಗಿಲ್ಲ. ಇದಕ್ಕೆ 0.001ರ ಡಯಲ್ ಬೇಕು. 0.01ರ ಡಯಲ್‌ನಲ್ಲಿ ಇದನ್ನು ನೋಡಲು ಹೋದರೆ ಕಣ್ಣಿಗೆ ನೋವು, ಉತ್ತರವೂ ಸಿಗಲ್ಲ.

ಇಷ್ಟಾದ ಮೇಲೂ ಒಂದು ತಪ್ಪು ಶಿಮ್‌ಗೂ ಬಗ್ಗಲ್ಲ: ಜರ್ನಲ್ಲೇ ಮೂರು ಮೂಲೆಯಾಗಿ ಬಂದಿದ್ದರೆ. ಸೆಂಟರ್‌ಲೆಸ್ ಗ್ರೈಂಡಿಂಗ್ ಆದ ಜರ್ನಲ್‌ನಲ್ಲಿ ಇದು ಸಾಮಾನ್ಯ. ಮೈಕ್ರೋಮೀಟರ್‌ಗೆ ಎಲ್ಲಾ ಕಡೆ ಒಂದೇ ಸೈಜು ಸಿಗುತ್ತದೆ, ಆದರೆ ವೀ ಮೇಲೆ ತಿರುಗಿಸಿದಾಗ ಆ ತುದಿಯ ಅಕ್ಷ ಒಂದು ಸುತ್ತಿಗೆ ಮೂರು ಸಲ ಏರಿಳಿಯುತ್ತದೆ. ನಡುವಿನ ಭಾಗದಲ್ಲಿ ಮುಳ್ಳು ಸುತ್ತಿಗೆ ಒಂದೇ ಸಲ ಏರಿ ಇಳಿದರೆ ಅದು ಕೇಂದ್ರ ಸರಿದದ್ದು ಅಥವಾ ಶಾಫ್ಟ್ ಬಾಗಿದ್ದು. ಮೂರು ಸಲ ಕುಣಿದು, ಒಂದು ಜರ್ನಲ್ ಹತ್ತಿರ ಹೋದಷ್ಟೂ ಕುಣಿತ ಜೋರಾದರೆ ಮೊದಲು ಆ ಜರ್ನಲ್ ಮೇಲೆ ಅನುಮಾನಪಡಿ. ಮಳೆಗಾಲವಾದರೆ ಅದಕ್ಕೂ ಮೊದಲು ಬಟ್ಟೆಯಲ್ಲಿ ಎಣ್ಣೆ ಹಾಕಿ ಜರ್ನಲ್ ಒರೆಸಿ. ನಮ್ಮ ಕಡೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ ಕೂರುತ್ತದೆ, ಡಯಲ್‌ಗೆ ಅದೂ ರನೌಟೇ.